ಸಂಜೆಯಾದ್ರೆ ಟಿವಿಯಲ್ಲಿ ವಿಡಿಯೊ ನಿಲ್ಲುತ್ತಾ? ಪ್ಲಾನ್ ಏರಿಸುವ ಮುಂಚೆ ವೈಫೈ ಚಾನೆಲ್ ನೋಡಿ

ಬೆಳಗ್ಗೆ ಹತ್ತಕ್ಕೆ ಸಲೀಸಾಗಿ ಓಡುವ ವಿಡಿಯೊ ರಾತ್ರಿ ಎಂಟಕ್ಕೆ ತಡೆದು ತಡೆದು ನಿಲ್ಲುತ್ತೆ. ಟಿವಿ ಅದೇ, ರೂಟರ್ ಅದೇ. ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಮಾಮೂಲಿ ದೂರು. ಹೆಚ್ಚಿನವರು ದುಬಾರಿ ಪ್ಲಾನ್‌ಗೆ ಬದಲಾಯಿಸ್ತಾರೆ. ದುಡ್ಡು ಹೋಗುತ್ತೆ, ತೊಂದರೆ ಹೋಗಲ್ಲ.

ತಪ್ಪು ಲೈನಿನದೋ ವೈಫೈದೋ ಅಂತ ಮೊದಲು ತಿಳಿಯಬೇಕು. ರಾತ್ರಿ ಎಂಟರ ಹೊತ್ತಿಗೇ ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ರೂಟರ್‌ಗೆ ಸಿಕ್ಕಿಸಿ ಸ್ಪೀಡ್ ನೋಡಿ. ಅಲ್ಲೂ ಕಮ್ಮಿ ಬಂದರೆ ಇಂಟರ್ನೆಟ್ ಕೊಟ್ಟವರನ್ನು ಕೇಳಿ. ವೈರಿನಲ್ಲಿ ಪೂರ್ತಿ ಬಂದು ಟಿವಿಗೆ ಬರದಿದ್ದರೆ, ತೊಂದರೆ ಇರೋದು ಮನೆಯೊಳಗಿನ ಗಾಳಿಯಲ್ಲಿ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಸಾಕು ಅಂತ ನೆಟ್‌ಫ್ಲಿಕ್ಸ್ ಹೇಳುತ್ತೆ. ಹಾಗಾಗಿ 50ರ ಪ್ಲಾನ್ ಇದ್ದವರಿಗೆ ವೇಗದ ಬರವೇನೂ ಇಲ್ಲ.

ಚಾನೆಲ್ ಗಲಾಟೆ

2.4 ಗಿಗಾಹರ್ಟ್ಸ್ ವೈಫೈಯಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ. ಹದಿಮೂರು ಬೇರೆ ಬೇರೆ ದಾರಿ ಅಂದ್ಕೋಬೇಡಿ. ಒಂದರಿಂದ ಇನ್ನೊಂದಕ್ಕೆ ಅಂತರ 5 ಮೆಗಾಹರ್ಟ್ಸ್ ಮಾತ್ರ, ಆದರೆ ಒಂದು ಸಿಗ್ನಲ್‌ಗೆ ಬೇಕಾದ ಅಗಲ ಸುಮಾರು 20. ಅದಕ್ಕೇ ಒಂದಕ್ಕೊಂದು ತಾಗದೆ ಉಳಿಯೋ ಚಾನೆಲ್‌ಗಳು ಅಂತ ಎಲ್ಲೆಡೆ ಬಳಸೋದು 1, 6 ಮತ್ತು 11 ಮಾತ್ರ.

ಪಕ್ಕದ ಮನೆಯದೂ ನಿಮ್ಮದೂ 6ರಲ್ಲೇ ಇದ್ದರೆ ಎರಡು ರೂಟರ್‌ಗಳೂ ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿ ಕಾಯ್ತವೆ. ರೇಷನ್ ಅಂಗಡಿ ಸಾಲಿನ ಹಾಗೆ. ನಿಧಾನ, ಆದರೆ ಕೆಲಸ ಆಗುತ್ತೆ. ಅವರು 6, ನೀವು 4 ಅಂತಾದರೆ ಪಾಡು ಬೇರೆ. ಅವರ ಸಿಗ್ನಲ್ ನಿಮ್ಮ ರೂಟರ್‌ಗೆ ಮಾತಾಗಿ ಕೇಳಿಸಲ್ಲ, ಬರೀ ಗದ್ದಲ. ಆ ಗದ್ದಲದಲ್ಲಿ ಹಾಳಾದ ಡೇಟಾವನ್ನು ಮತ್ತೆ ಮತ್ತೆ ಕಳಿಸಬೇಕಾಗುತ್ತೆ. ವಿಡಿಯೊ ಆ್ಯಪ್‌ಗಳು ಮುಂದಿನ ದೃಶ್ಯವನ್ನು ಮೊದಲೇ ತಂದಿಟ್ಟುಕೊಂಡಿರುವುದರಿಂದ ಸಿನಿಮಾ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತೆ. ಲೈವ್ ಕ್ರಿಕೆಟ್‌ನಲ್ಲಿ ಆ ದಾಸ್ತಾನು ಕಮ್ಮಿ, ಅದಕ್ಕೇ ಮ್ಯಾಚ್ ಮೊದಲು ನಿಲ್ಲುತ್ತೆ.

ಒಂದು ಉದಾಹರಣೆ

ಎರಡನೇ ಮಹಡಿಯ ಎರಡು ಬೆಡ್‌ರೂಮಿನ ಮನೆ ಅಂದುಕೊಳ್ಳಿ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ತರಹದ ಉಚಿತ ಆ್ಯಪ್ ಹಾಕಿ, ಟಿವಿ ಪಕ್ಕ ನಿಂತು ನೋಡಿದರೆ ಚಾನೆಲ್ 1ರಲ್ಲಿ ಮೂರು ನೆಟ್‌ವರ್ಕ್, 6ರಲ್ಲಿ ನಾಲ್ಕು, 11ರಲ್ಲಿ ಒಂದು. ಮನೆಯವರದ್ದು 3ರಲ್ಲಿದೆ. ಅಂದರೆ 1 ಮತ್ತು 6 ಎರಡೂ ಕಡೆಯ ಏಳು ನೆಟ್‌ವರ್ಕ್‌ಗಳ ಗದ್ದಲ ಇವರ ಮೇಲೆ. ಖಾಲಿ ಕಂಡಿದ್ದಕ್ಕೆ 3 ಹಾಕಿಕೊಂಡಿರ್ತಾರೆ, ಅದೇ ಎಡವಟ್ಟು.

ಆ್ಯಪ್‌ನಲ್ಲಿ ಸಿಗ್ನಲ್ ಬಲ -50, -80 ಹೀಗೆ ಕಾಣುತ್ತೆ. -50 ಜೋರು, -80 ತೀರಾ ಕ್ಷೀಣ. 11ರಲ್ಲಿರೋ ಒಂದೇ ಒಂದು -82 ಇದ್ದರೆ ಅಲ್ಲಿಗೆ ಹೋಗೋದೇ ಲಾಭ. ಬ್ರೌಸರ್‌ನಲ್ಲಿ ರೂಟರ್ ಅಡಿಭಾಗದಲ್ಲಿ ಅಂಟಿಸಿರುವ ವಿಳಾಸ, ಸಾಮಾನ್ಯವಾಗಿ 192.168.1.1, ಹಾಕಿ ಲಾಗಿನ್ ಆಗಿ. Wireless ವಿಭಾಗದಲ್ಲಿ Channel ಎದುರು 11, Channel Width ಎದುರು 20 MHz ಆರಿಸಿ. 40 ಇಟ್ಟರೆ ವೇಗ ಹೆಚ್ಚುತ್ತೆ ಅನ್ನೋದು ಒಂಟಿ ಮನೆಗೆ ಸರಿ. ಅಪಾರ್ಟ್‌ಮೆಂಟಲ್ಲಿ ಅದು ಇಡೀ ರಸ್ತೆಗೆ ಅಡ್ಡ ಗಾಡಿ ನಿಲ್ಲಿಸಿದ ಹಾಗೆ.

Auto ಬಿಟ್ಟರೆ ಆಗಲ್ವಾ? ಎಷ್ಟೋ ರೂಟರ್‌ಗಳು ಆನ್ ಆಗುವಾಗ ಮಾತ್ರ ಚಾನೆಲ್ ಹುಡುಕ್ತವೆ. ಕರೆಂಟ್ ಹೋಗಿ ಬಂದಾಗ ಇಡೀ ಕಟ್ಟಡದ ರೂಟರ್‌ಗಳು ಒಟ್ಟಿಗೇ ಎದ್ದರೆ, ಪಕ್ಕದವರು ಯಾವುದಕ್ಕೆ ಬರ್ತಾರೆ ಅಂತ ಯಾರಿಗೂ ಗೊತ್ತಿರಲ್ಲ.

ರೂಟರ್ ಎಲ್ಲಿಡಬೇಕು

ಫೈಬರ್ ಬಂದ ಬಾಗಿಲ ಮೂಲೆಯಲ್ಲೋ ಟಿವಿಯ ಬೆನ್ನಿಗೋ ರೂಟರ್ ಇಟ್ಟು ಬಿಡೋದು ರೂಢಿ. ಟಿವಿಯ ಲೋಹದ ಹಿಂಭಾಗ, ಬೀರು, ಫ್ರಿಜ್, ಕಾಂಕ್ರೀಟ್ ಪಿಲ್ಲರ್ ಎಲ್ಲವೂ ಸಿಗ್ನಲ್ ತಡೀತವೆ. ಹಾಲ್‌ನಲ್ಲೇ, ಐದಡಿ ಎತ್ತರದಲ್ಲಿ, ಟಿವಿಗೆ ನೇರ ಕಾಣುವಂತೆ ತೆರೆದಿಡಿ. ಜಾಗ ಬದಲಿಸಲು ಫೈಬರ್ ವೈರನ್ನು ಮಡಚಿ ಎಳೀಬೇಡಿ, ಮುರಿಯುತ್ತೆ. ಫೈಬರ್ ಬಾಕ್ಸೂ ರೂಟರೂ ಬೇರೆ ಬೇರೆ ಇದ್ದರೆ ನಡುವೆ ಉದ್ದದ ಲ್ಯಾನ್ ವೈರ್ ಹಾಕಿ. ಎರಡೂ ಒಂದೇ ಡಬ್ಬಿಯಾಗಿದ್ದರೆ ಟೆಕ್ನಿಷಿಯನ್‌ನನ್ನೇ ಕರೆಸಿ.

ಹಾಗೆ ಒಂದೇ ಕೋಣೆಯಲ್ಲಿದ್ದರೆ ಟಿವಿಯನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ. ಹೆಸರಿನ ಕೊನೆಗೆ 5G ಅಂತ ಇರುತ್ತೆ, ಮೊಬೈಲ್ 5ಜಿಗೂ ಅದಕ್ಕೂ ಸಂಬಂಧವಿಲ್ಲ. ಅದು ಗೋಡೆ ದಾಟೋದು ಕಮ್ಮಿ. ಪಕ್ಕದ ಮನೆಯವರದ್ದೂ ನಿಮ್ಮ ಮನೆಗೆ ಅಷ್ಟಾಗಿ ಬರಲ್ಲ ಅನ್ನೋದೇ ಅನುಕೂಲ. ಟಿವಿಯ ಪಟ್ಟಿಯಲ್ಲಿ ಆ ಹೆಸರು ಕಾಣದಿದ್ದರೆ ಹಳೇ ಟಿವಿಗೆ ಆ ಸೌಲಭ್ಯ ಇಲ್ಲದಿರಬಹುದು. ಅಂಥವರು ಲ್ಯಾನ್ ವೈರನ್ನೇ ಟಿವಿಗೆ ಹಾಕೋದು ಒಳ್ಳೇದು.

ಕೆಳಗಡೆ ಅಂಗಡಿಯವರಿಗೂ ಇದರಲ್ಲಿ ಪಾಲಿದೆ. ವೈಫೈ ಸಿಸಿಟಿವಿ ಕ್ಯಾಮೆರಾಗಳಲ್ಲಿ ಬಹಳಷ್ಟು 2.4ರಲ್ಲೇ ಓಡ್ತವೆ. ದಿನವಿಡೀ ರೆಕಾರ್ಡರ್‌ಗೆ ವಿಡಿಯೊ ಕಳಿಸುವಂಥವು ಆ ಚಾನೆಲ್ಲನ್ನು ಬಿಡುವಿಲ್ಲದೆ ಹಿಡಿದಿರ್ತವೆ. ಅಂಗಡಿಯ ರೂಟರ್ 1, 6, 11 ಬಿಟ್ಟು ಬೇರೆ ಚಾನೆಲ್‌ನಲ್ಲಿದ್ದರೆ ಮೇಲಿನ ಮನೆಗಳ ಟಿವಿಯೂ ನಿಲ್ಲುತ್ತೆ, ಅಂಗಡಿಯ ಕ್ಯಾಮೆರಾ ಚಿತ್ರವೂ ನಡುನಡುವೆ ತಪ್ಪಿಹೋಗುತ್ತೆ.