‘ಓದಿದ್ದು ಯಾವುದೂ ಬರಲಿಲ್ಲ’ ಎನ್ನುವುದು ನಿಜವೇ? ಪ್ರಶ್ನೆಪತ್ರಿಕೆ ಕೈಯಲ್ಲಿ ಹಿಡಿದು ಲೆಕ್ಕ ಹಾಕಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಸಂಜೆ ಕೇಳಿಬರುವ ಮಾತು ರಾಜ್ಯದ ಬೇರೆಡೆಯಂತೆಯೇ ಇರುತ್ತದೆ: ‘ಓದಿದ್ದು ಬರಲಿಲ್ಲ.’ ಅದರ ಹಿಂದೆಯೇ ‘ಈ ಸಲ ಬಂದ ಪ್ರಶ್ನೆ ಮುಂದಿನ ಸಲ ಬರಲ್ಲ’ ಎಂಬ ಫಾರ್ವರ್ಡ್ ಕೂಡ ಬರುತ್ತದೆ. ಎರಡನ್ನೂ ಪರೀಕ್ಷಿಸಲು ಪ್ರಶ್ನೆಪತ್ರಿಕೆ ಮತ್ತು ತಿದ್ದಿದ ಉತ್ತರಪತ್ರಿಕೆ ಸಾಕು.

ಗಣಿತವನ್ನೇ ನೋಡೋಣ. ಲಿಖಿತ ಪರೀಕ್ಷೆ 80 ಅಂಕಗಳಿಗೆ. ಒಬ್ಬ ವಿದ್ಯಾರ್ಥಿನಿಗೆ 41 ಬಂದಿದೆ ಎಂದುಕೊಳ್ಳಿ. ಕಳೆದುಕೊಂಡ 39 ಅಂಕಗಳನ್ನು ಪ್ರಶ್ನೆವಾರು ಬರೆದು, ಪ್ರತಿಯೊಂದರ ಮುಂದೆ ಕಾರಣ ಹಾಕಬೇಕು. ಆಕೆ ಓದದೇ ಬಿಟ್ಟ ಪಾಠಗಳಿಂದ ಹೋದದ್ದು 9. ಕೂಡುವ ಕಳೆಯುವ ತಪ್ಪು, ಸಮಯ ಸಾಲದೆ ಹೋದದ್ದು 8. ಉಳಿದ 22 ಅಂಕ ಹೋದದ್ದು ಆಕೆ ಓದಿದ್ದ ಪಾಠಗಳಲ್ಲೇ! ಇದು ಉದಾಹರಣೆಯ ಲೆಕ್ಕ. ನಿಮ್ಮ ಅಂಕಿಗಳು ಬೇರೆ ಇರುತ್ತವೆ.

ಓದಿದ ಪಾಠದಲ್ಲಿ ಅಂಕ ಹೋಗುವುದು ಹೇಗೆ? ಸಮಾಂತರ ಶ್ರೇಢಿಯಲ್ಲಿ ಆಕೆ ಅಭ್ಯಾಸ ಮಾಡಿದ್ದು ಇಂಥ ಲೆಕ್ಕ: 3, 7, 11... ಶ್ರೇಢಿಯ 20ನೇ ಪದ ಕಂಡುಹಿಡಿಯಿರಿ. a + (n − 1)d ಸೂತ್ರಕ್ಕೆ ಹಾಕಿದರೆ 3 + 19 × 4 = 79. ಪರೀಕ್ಷೆಯಲ್ಲಿ ಕೇಳಿದ್ದು: 4ನೇ ಪದ 15, 9ನೇ ಪದ 35 ಆದರೆ 20ನೇ ಪದ ಎಷ್ಟು? ಅದೇ ಶ್ರೇಢಿ, ಅದೇ ಸೂತ್ರ, ಉತ್ತರವೂ 79. ಆದರೆ ಇಲ್ಲಿ a + 3d = 15, a + 8d = 35 ಎಂದು ಎರಡು ಸಮೀಕರಣ ಬರೆದು, ಕಳೆದು, d = 4, a = 3 ಎಂದು ಮೊದಲು ತಿಳಿಯಬೇಕು. ಆ ಹೆಜ್ಜೆಯನ್ನು ಆಕೆ ಒಮ್ಮೆಯೂ ಮಾಡಿರಲಿಲ್ಲ.

ಹಾಗಾಗಿ ಹೋಲಿಕೆಯ ಪಟ್ಟಿಯಲ್ಲಿ ಪಾಠದ ಹೆಸರು ಬರೆದರೆ ಉಪಯೋಗವಿಲ್ಲ. ‘ಸಮಾಂತರ ಶ್ರೇಢಿ: ಓದಿದ್ದೆ, ಬಂತು’ ಎಂದು ಟಿಕ್ ಬಿದ್ದುಬಿಡುತ್ತದೆ. ‘ಏನು ಕೊಟ್ಟಿದ್ದರು, ಏನು ಕೇಳಿದರು, ನಾನು ಏನು ಅಭ್ಯಾಸ ಮಾಡಿದ್ದೆ’ ಎಂದು ಬರೆಯಿರಿ. ಆಗ ಮುಂದಿನ ವಾರದ ಕೆಲಸ ತಾನಾಗಿಯೇ ಕಾಣುತ್ತದೆ: ಎರಡು ಪದ ಕೊಟ್ಟು ಮೂರನೆಯದನ್ನು ಕೇಳುವ ನಾಲ್ಕೈದು ಲೆಕ್ಕಗಳನ್ನು ನೋಟ್ಸ್ ಮುಚ್ಚಿಟ್ಟು ಬಿಡಿಸುವುದು. ಬಿಡಿಸಿದ ಉತ್ತರ ಓದಿ ‘ಅರ್ಥವಾಯಿತು’ ಎನ್ನುವುದನ್ನು ನಾವು ಅಭ್ಯಾಸವೆಂದು ಎಣಿಸುವುದಿಲ್ಲ.

ಈ ಪಟ್ಟಿಯಿಂದ ಮುಂದಿನ ಪ್ರಶ್ನೆಗಳನ್ನು ಊಹಿಸಲು ಮಾತ್ರ ಹೋಗಬೇಡಿ. ಓದಿದ್ದರೂ ಬಾರದ ಪ್ರಶ್ನೆ ಮುಂದೆ ಬರಬಹುದು, ಬಂದದ್ದೇ ಅಂಕಿ ಬದಲಿಸಿಕೊಂಡು ಮತ್ತೆ ಬರಬಹುದು. ಒಂದೇ ಪತ್ರಿಕೆ ನೋಡಿ ಪಾಠ ಬಿಡುವುದಂತೂ ಅಪಾಯ.

ಮುಖ್ಯ ಪರೀಕ್ಷೆಯ ನಂತರವೂ ಇದನ್ನು ಮಾಡಬಹುದು. ಪರೀಕ್ಷೆ-1ರ ಫಲಿತಾಂಶ ಬಂದ ಮೇಲೆ ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಬಹುದು. ಹೆಚ್ಚಿನವರು ಅದನ್ನು ಮರುಮೌಲ್ಯಮಾಪನಕ್ಕೆಂದೇ ತರಿಸುತ್ತಾರೆ. ಪರೀಕ್ಷೆ-2 ಬರೆಯುವವರು ಯಾವ ಹಂತದಲ್ಲಿ ಅಂಕ ನಿಂತಿತು ಎಂದು ಅದರಲ್ಲೇ ನೋಡಿಕೊಳ್ಳಬಹುದು.