ಒಕುರಿಗನ

ಒಕುರಿಗನ: ಜಪಾನಿಯ ‘ಒಕುರು’ ಎಂದರೆ ಕಳಿಸು, ‘ಕನ’ ಎಂದರೆ ಉಚ್ಚಾರಣೆಯ ಅಕ್ಷರ. ಕನದ ಮೂಲ ‘ಕರಿ-ನ’, ಎರವಲು ಅಕ್ಷರ. ಸಮಾಸದಲ್ಲಿ ‘ಕ’ ಗಕಾರವಾಗುತ್ತದೆ. ಚೀನೀ ಮೂಲದ ಕಾಂಜಿಯ ಬಾಲಕ್ಕೆ ಕಳಿಸಿಕೊಡುವ ಅಕ್ಷರಗಳೇ ಒಕುರಿಗನ.

ಕನ್ನಡದಲ್ಲೂ ಇಂಥದ್ದಿದೆ: ಮನ್ನಾಏಖೇಳ್ಳಿ ಹೆದ್ದಾರಿ 65ರಲ್ಲಿದೆ ಎಂದು ಬರೆಯುತ್ತೇವೆ. 65 ಅಂಕಿ, ‘ರಲ್ಲಿ’ ಬಾಲ, ಓದುವುದು ‘ಅರವತ್ತೈದರಲ್ಲಿ’. ಜಪಾನಿಯ ಕ್ರಮವೂ ಇದೇ.

ತುಸು ಕಲಿತವರು ಎಡವುವುದು ‘ಹನಶಿ’ಯಲ್ಲಿ. ‘ಮಾತು ಕೇಳು’ ಎಂದು ಟೈಪಿಸುವಾಗ 話しを聞く ಎಂದು ಬರೆದುಬಿಡುತ್ತಾರೆ, ಸರಿಯಾದದ್ದು 話を聞く. ಕೀಲಿ ಒತ್ತಿದಾಗ ಎರಡೂ ರೂಪಗಳು ತೆರೆಯಲ್ಲಿ ಕಾಣಬಹುದು, ಆಯ್ಕೆ ನಮ್ಮದು. ತಪ್ಪಿಗೆ ಕಾರಣವೂ ಇದೆ. 1973ರ ಸರಕಾರಿ ನಿಯಮದಂತೆ ಕ್ರಿಯಾಪದದಿಂದ ಹುಟ್ಟಿದ ನಾಮಪದ ಬಾಲವನ್ನು ಉಳಿಸಿಕೊಳ್ಳುತ್ತದೆ: 動く (ಚಲಿಸು) ಇಂದ 動き (ಚಲನೆ). ಆದರೆ 話, 光 (ಬೆಳಕು) ಮುಂತಾದ ಕೆಲವು ಅಪವಾದಗಳು. ನಿಯಮ ಕಲಿತು ಅಪವಾದ ಕಲಿಯದವರು ಹೀಗೆ ತಪ್ಪುವುದು ನನಗೆ ಸಹಜವೆನಿಸುತ್ತದೆ.

ಪರೀಕ್ಷೆ ಸುಲಭ. ಮುಂದೆ を ಅಥವಾ が ಬಂದರೆ ಅದು ನಾಮಪದ, し ಬೇಡ. ます, て ಬಂದರೆ ಕ್ರಿಯೆ, し ಬೇಕು: 話します. に ಮುಂದಿದ್ದರೆ ಅರ್ಥ ನೋಡಬೇಕು: ‘ಮಾತಾಡಲು ಹೋಗು’ ಎಂಬುದಕ್ಕೆ 話しに行く ಎಂದೇ ಬರೆಯುತ್ತಾರೆ.