ನಿದ್ರೆಗೆಟ್ಟವರ ಬಿಪಿ

ಅಕ್ಕಿಪೇಟೆಯಲ್ಲಿ ನಿದ್ರೆಗೆಟ್ಟವರು ಎರಡು ಬಗೆ. ರಾತ್ರಿ ಬಂದ ಲಾರಿಯಿಂದ ಮೂಟೆ ಇಳಿಸುವ ಹಮಾಲಿಗೆ ಮಲಗಲು ಹೊತ್ತಿಲ್ಲ. ಮಂಡಿ ಸಾಹುಕಾರರಿಗೆ ಹೊತ್ತಿದೆ, ನಿದ್ರೆ ಹತ್ತುವುದಿಲ್ಲ. ಇಬ್ಬರ ಬಿಪಿಯೂ ಏರಬಹುದು. ಆದರೆ ಇವು ಬೇರೆ ಬೇರೆ ತೊಂದರೆಗಳೆಂದು ಸಂಶೋಧಕರಿಗೆ ಮನವರಿಕೆಯಾದದ್ದು ನಿಧಾನವಾಗಿ.

ನಿದ್ರೆಯಲ್ಲಿ ರಕ್ತದೊತ್ತಡ ಹಗಲಿಗಿಂತ ಸುಮಾರು ಶೇ. 10ರಿಂದ 20ರಷ್ಟು ಇಳಿಯುತ್ತದೆ. ಈ ಇಳಿತ ಬರುವುದು ಹೆಚ್ಚಾಗಿ ನಿದ್ರೆಯಿಂದ, ಬರೀ ಗಡಿಯಾರದಿಂದಲ್ಲ. ತೋಳಿಗೆ ಕಟ್ಟಿಕೊಂಡು ಇಡೀ ದಿನ ಆಗಾಗ ಬಿಪಿ ಅಳೆಯುವ ಯಂತ್ರ ಬಂದ ಮೇಲೆ ಈ ಇಳಿತವನ್ನು ಮನೆಯಲ್ಲೇ ನೋಡಲು ಸಾಧ್ಯವಾಯಿತು. 1996ರಲ್ಲಿ ಜಪಾನಿನ ತೋಚಿಕುಬೊ ತಂಡ ಇದೇ ಯಂತ್ರವನ್ನು ಓವರ್‌ಟೈಮ್ ಮಾಡುವ ನೌಕರರಿಗೆ ಕಟ್ಟಿತು. ಮೂರೂವರೆ ಗಂಟೆಯಷ್ಟೇ ಮಲಗಿದ ಮರುದಿನ ಅವರ ಒತ್ತಡ ಏರಿತ್ತು. ಎಚ್ಚರದಲ್ಲಿ ನಮ್ಮನ್ನು ಸನ್ನದ್ಧವಾಗಿಡುವ ಸಿಂಪಥೆಟಿಕ್ ನರಗಳು ಬಿಡುವಿಲ್ಲದೆ ದುಡಿದಿದ್ದವು.

ಒಂದು ದಿನದ ಏರಿಕೆ ರೋಗವಾಗುತ್ತದೆಯೇ? 2006ರಲ್ಲಿ ಗ್ಯಾಂಗ್‌ವಿಶ್ ತಂಡ ಅಮೆರಿಕದ ಹಳೆಯ ಆರೋಗ್ಯ ಸಮೀಕ್ಷೆಯೊಂದನ್ನು ತೆರೆದು ನೋಡಿತು. 32ರಿಂದ 59 ವಯಸ್ಸಿನವರಲ್ಲಿ ರಾತ್ರಿ ಐದು ಗಂಟೆ ಅಥವಾ ಕಡಿಮೆ ಮಲಗುತ್ತೇವೆ ಎಂದವರಿಗೆ ಮುಂದಿನ ವರ್ಷಗಳಲ್ಲಿ ಬಿಪಿ ಕಾಯಿಲೆ ಬರುವ ಸಂಭವ ಸುಮಾರು ಎರಡು ಪಟ್ಟಿತ್ತು. ಆದರೆ ಲೆಕ್ಕವೆಲ್ಲ ಬಾಯಿಮಾತಿನದು. ರಾತ್ರಿಯಿಡೀ ಕಣ್ಣೇ ಮುಚ್ಚಲಿಲ್ಲ ಎನ್ನುವವರೂ ಗಂಟೆಗಟ್ಟಲೆ ಗೊರಕೆ ಹೊಡೆದಿರುತ್ತಾರೆ.

2009ರಲ್ಲಿ ಪೆನ್ಸಿಲ್ವೇನಿಯಾದ ವ್ಗೋಂಟ್ಜಾಸ್ ತಂಡ ಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ ಮೆದುಳಿನ ತರಂಗಗಳನ್ನೇ ದಾಖಲಿಸಿತು. ದೀರ್ಘಕಾಲದ ನಿದ್ರಾಹೀನತೆಯ ದೂರಿದ್ದು, ಅಳತೆಯಲ್ಲೂ ಐದು ಗಂಟೆಯೊಳಗೇ ಮಲಗಿದವರಲ್ಲಿ ಅಧಿಕ ರಕ್ತದೊತ್ತಡದ ಸಾಧ್ಯತೆ ಸುಮಾರು ಐದು ಪಟ್ಟಿತ್ತು. ದೂರಿದ್ದರೂ ಆರು ಗಂಟೆಗಿಂತ ಹೆಚ್ಚು ಮಲಗಿದವರಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಈ ಕ್ಷೇತ್ರದ ದಿಕ್ಕು ತಿರುಗಿದ್ದು ಇಲ್ಲಿ ಎಂದು ನನ್ನ ಎಣಿಕೆ.

ಹೀಗಾಗಿ ಅಕ್ಕಿಪೇಟೆಯ ಆ ಇಬ್ಬರಿಗೂ ಚಿಕಿತ್ಸೆ ಹೆಚ್ಚುಕಡಿಮೆ ವಿರುದ್ಧ. ಹಮಾಲಿಗೆ ಬೇಕಾದದ್ದು ಹೆಚ್ಚು ಹೊತ್ತು, ಹಗಲಲ್ಲಾದರೂ ಕತ್ತಲೆ ಕೋಣೆಯಲ್ಲಿ. ಸಾಹುಕಾರರಿಗೆ ಹಾಸಿಗೆಯ ಹೊತ್ತನ್ನು ಕಡಿಮೆ ಮಾಡಬೇಕು. ಎಂಟು ಗಂಟೆ ಹೊರಳಾಡಿ ಐದೂವರೆ ಗಂಟೆ ಮಲಗುವವರು ಎನ್ನಿ. ಹನ್ನೆರಡೂವರೆಗೆ ಮಲಗಿ ಆರಕ್ಕೆ ಏಳಬೇಕು, ಮಧ್ಯಾಹ್ನದ ಜೊಂಪು ಬೇಡ. ಹಾಸಿಗೆಯಲ್ಲಿನ ಹೊತ್ತಿನ ಶೇ. 85–90 ಭಾಗ ನಿದ್ರೆಯಾದಾಗ ವಾರಕ್ಕೆ ಹದಿನೈದು ನಿಮಿಷ ಸೇರಿಸುತ್ತಾರೆ. ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಬರುವುದರಿಂದ ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಮಾಡಬೇಕು, ವಾಹನ ಓಡಿಸುವವರಂತೂ ಎಚ್ಚರ ವಹಿಸಬೇಕು.

ಬಿಪಿ ಎಷ್ಟು ಇಳಿದೀತು? 2013ರಲ್ಲಿ ಹಾಕ್ ತಂಡ ಆರು ವಾರ ನಿದ್ರೆ ಹೆಚ್ಚಿಸಿದಾಗ ಮೇಲಿನ ಅಂಕಿ ಸರಾಸರಿ 14 ಇಳಿಯಿತು. ಆದರೆ ನಿದ್ರೆ ಹೆಚ್ಚಿಸದ ಗುಂಪಿನಲ್ಲೂ ಅದು ಸ್ವಲ್ಪ ಇಳಿದಿತ್ತು, ಎರಡರ ನಡುವಿನ ವ್ಯತ್ಯಾಸ ಖಚಿತವಾಗಲಿಲ್ಲ. ಹೀಗಾಗಿ ಮಾತ್ರೆ ನಿಲ್ಲಿಸುವಂತಿಲ್ಲ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರಂತೂ ಮೊದಲು ಸ್ಲೀಪ್ ಅಪ್ನಿಯಾ ಪರೀಕ್ಷೆ ಆಗಬೇಕು.